ಕೊಂಡದ್ದು ಸೋಮವಾರ, ಕೈಸೇರಿದ್ದು ಮಂಗಳವಾರ

ಮೈಸೂರಿನ ಒಬ್ಬ ಮೇಷ್ಟ್ರು ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಮೊಬೈಲಿನಲ್ಲಿ ಇನ್ಫೊಸಿಸ್‌ನ ಹತ್ತು ಷೇರು ಕೊಳ್ಳುತ್ತಾರೆ ಎಂದಿಟ್ಟುಕೊಳ್ಳಿ. ಲೆಕ್ಕ ಸುಲಭವಾಗಲೆಂದು ಷೇರಿಗೆ 1,500 ರೂಪಾಯಿ ಎನ್ನೋಣ. ಗುಂಡಿ ಒತ್ತಿದ ಕ್ಷಣದಲ್ಲೇ ಖರೀದಿ ಆಯಿತೆಂದು ಪರದೆ ಹೇಳುತ್ತದೆ, ಖಾತೆಯಲ್ಲಿದ್ದ 15,000 ರೂಪಾಯಿಗೂ ಬೀಗ ಬೀಳುತ್ತದೆ. ಆದರೆ ಅವರ ಡಿಮ್ಯಾಟ್ ಖಾತೆಯಲ್ಲಿ ಆ ಹೊತ್ತಿಗೆ ಒಂದು ಷೇರೂ ಇರುವುದಿಲ್ಲ. ಷೇರು ಬರುವುದು ಮಂಗಳವಾರ ಮಧ್ಯಾಹ್ನ. ಅಲ್ಲಿಯವರೆಗೆ ಕೆಲವು ಬ್ರೋಕರ್ ಆ್ಯಪ್‌ಗಳಲ್ಲಿ ಆ ಹತ್ತರ ಪಕ್ಕ `T1` ಎಂಬ ಚಿಕ್ಕ ಗುರುತು ಇರುತ್ತದೆ. ವಹಿವಾಟಿನ ದಿನಕ್ಕೆ ‘ಟಿ’ ಎಂದು ಹೆಸರು. ಅದರ ಮೇಲೆ ಒಂದು ಕೆಲಸದ ದಿನ ಕಳೆದರೆ ‘ಟಿ+1’. ನಮ್ಮ ಷೇರುಪೇಟೆಯ ಈಗಿನ ಲೆಕ್ಕ ಚುಕ್ತಾ ಆಗುವ ಅವಧಿ ಅಷ್ಟೇ.

ಯುಪಿಐಯಲ್ಲಿ ತರಕಾರಿಯವನಿಗೆ ಕಳಿಸಿದ ನಲವತ್ತು ರೂಪಾಯಿ ಕಣ್ಣು ಮಿಟುಕಿಸುವಷ್ಟರಲ್ಲಿ ತಲುಪುವಾಗ, ಕಾಗದವೇ ಇಲ್ಲದ ಷೇರಿಗೆ ಒಂದು ಇಡೀ ದಿನ ಏಕೆ ಬೇಕು? ಕಂಪ್ಯೂಟರ್ ನಿಧಾನ ಎಂಬುದು ಉತ್ತರವಲ್ಲ. ಈ ವಿಳಂಬ ಬೇಕೆಂದೇ ಇಟ್ಟುಕೊಂಡದ್ದು. ಅದರಿಂದ ಪೇಟೆಗೆ ಒಂದು ದೊಡ್ಡ ಅನುಕೂಲವಿದೆ, ಅದೇ ವಿಳಂಬದೊಳಗೆ ಒಂದು ಅಪಾಯವೂ ಕೂತಿದೆ. ಆ ಅಪಾಯವನ್ನು ಹೊರಲೆಂದೇ ಹುಟ್ಟಿದ ಸಂಸ್ಥೆಯ ಹೆಸರು ಹೂಡಿಕೆದಾರರಲ್ಲಿ ಹೆಚ್ಚಿನವರ ಕಿವಿಗೇ ಬಿದ್ದಿರುವುದಿಲ್ಲ.

ಮೊದಲು ಅನುಕೂಲವನ್ನು ನೋಡೋಣ. ಒಂದು ದಿನದಲ್ಲಿ ಮೂವರು ಬ್ರೋಕರ್‌ಗಳ ನಡುವೆ ಹೀಗೆ ವಹಿವಾಟು ನಡೆಯಿತು ಎನ್ನಿ. ಮೊದಲನೆಯವನು ಎರಡನೆಯವನಿಂದ 15 ಲಕ್ಷ ರೂಪಾಯಿಯ ಷೇರು ಕೊಂಡ. ಎರಡನೆಯವನು ಮೂರನೆಯವನಿಂದ 13.5 ಲಕ್ಷದ್ದು ಕೊಂಡ. ಮೂರನೆಯವನು ಮೊದಲನೆಯವನಿಂದ 12 ಲಕ್ಷದ್ದು ಕೊಂಡ. ಒಂದೊಂದು ವಹಿವಾಟಿಗೂ ಆಗಿಂದಾಗಲೇ ದುಡ್ಡು ಕೊಟ್ಟು ಮುಗಿಸಬೇಕೆಂದರೆ ಒಟ್ಟು 40.5 ಲಕ್ಷ ರೂಪಾಯಿ ಓಡಾಡಬೇಕು. ಸಂಜೆಯವರೆಗೆ ಕಾದು ಕೂಡಿ ಕಳೆದರೆ? ಮೊದಲನೆಯವನು 15 ಲಕ್ಷ ಕೊಡಬೇಕು, 12 ಲಕ್ಷ ಪಡೆಯಬೇಕು. ಅವನಿಂದ ಹೊರಡಬೇಕಾದದ್ದು ಬರೀ 3 ಲಕ್ಷ. ಎರಡನೆಯವನಿಗೆ ಒಂದೂವರೆ ಲಕ್ಷ, ಮೂರನೆಯವನಿಗೆ ಒಂದೂವರೆ ಲಕ್ಷ ಸೇರಿದರೆ ಎಲ್ಲರ ಲೆಕ್ಕವೂ ಚುಕ್ತಾ. ನಲವತ್ತು ಲಕ್ಷದ ವ್ಯಾಪಾರ ಮೂರು ಲಕ್ಷದಲ್ಲಿ ಮುಗಿಯಿತು. ಈ ಕೂಡಿ ಕಳೆಯುವಿಕೆಗೆ ಪೇಟೆಯವರು ನೆಟಿಂಗ್ ಎನ್ನುತ್ತಾರೆ.

ನಿಜವಾದ ಪೇಟೆಯಲ್ಲಿ ಮೂವರಲ್ಲ, ನೂರಾರು ಬ್ರೋಕರ್‌ಗಳು ಮತ್ತು ಸಾವಿರಾರು ಕೋಟಿ ರೂಪಾಯಿ. ಬೆಳಿಗ್ಗೆ ಕೊಂಡು ಮಧ್ಯಾಹ್ನ ಮಾರುವ ದಿನವಹಿ ವ್ಯಾಪಾರಿಗಳದ್ದೇ ದೊಡ್ಡ ಪಾಲು. ಅವರು ಕೊಂಡ ಷೇರು ಅವರ ಖಾತೆಗೆ ಬರುವುದೂ ಇಲ್ಲ, ಹೋಗುವುದೂ ಇಲ್ಲ. ಲಾಭವೋ ನಷ್ಟವೋ ಆದ ವ್ಯತ್ಯಾಸದ ಹಣವಷ್ಟೇ ಕೈ ಬದಲಾಯಿಸುತ್ತದೆ. ಕಾಯುವುದಕ್ಕೆ ಪುರುಸೊತ್ತು ಇರುವುದರಿಂದಲೇ ಇದು ಸಾಧ್ಯ. ಪ್ರತಿ ವಹಿವಾಟೂ ಅಲ್ಲಲ್ಲೇ ಮುಗಿಯಬೇಕೆಂದರೆ ಪ್ರತಿಯೊಬ್ಬರೂ ಪೂರ್ತಿ ಹಣವನ್ನೂ ಪೂರ್ತಿ ಷೇರನ್ನೂ ಮೊದಲೇ ಕೈಯಲ್ಲಿ ಹಿಡಿದು ಬರಬೇಕು. ಹಾಗೆ ಬರಲು ಆಗದವರು ಪೇಟೆಯಿಂದ ದೂರ ಉಳಿಯುತ್ತಾರೆ; ಕೊಳ್ಳುವವರೂ ಮಾರುವವರೂ ಕಡಿಮೆಯಾದ ಪೇಟೆಯಲ್ಲಿ ಬೆಲೆ ಸಣ್ಣಪುಟ್ಟ ಕಾರಣಕ್ಕೂ ಎಗರಾಡುತ್ತದೆ.

ಇನ್ನು ಅಪಾಯ. ಸೋಮವಾರ ಹತ್ತೂವರೆಗೆ ಮೇಷ್ಟ್ರಿಗೆ ಸಿಕ್ಕಿದ್ದು ಷೇರಲ್ಲ, ಒಂದು ಮಾತು. ಅವರಿಗೆ ಮಾರಿದವನಿಗೂ ಸಿಕ್ಕಿದ್ದು ಹಣವಲ್ಲ, ಅದೂ ಮಾತೇ. ಆ ಮಾರಿದವನು ಯಾರೆಂದು ಮೇಷ್ಟ್ರಿಗೆ ಗೊತ್ತಿಲ್ಲ. ಸೂರತ್ತಿನ ವ್ಯಾಪಾರಿ ಇರಬಹುದು, ಲಂಡನ್ನಿನ ಒಂದು ನಿಧಿ ಇರಬಹುದು. ಹತ್ತು ಷೇರು ಮೂವರಿಂದ ಬಿಡಿಬಿಡಿಯಾಗಿ ಬಂದಿದ್ದರೂ ಆಶ್ಚರ್ಯವಿಲ್ಲ. ಮಂಗಳವಾರದೊಳಗೆ ಅವರಲ್ಲಿ ಒಬ್ಬರು ಕೈಯೆತ್ತಿದರೆ? ಎದುರಿನವನು ಮಾತಿಗೆ ತಪ್ಪುವ ಈ ಸಾಧ್ಯತೆಗೆ ಹಣಕಾಸಿನವರು ಕೌಂಟರ್‌ಪಾರ್ಟಿ ರಿಸ್ಕ್ ಎನ್ನುತ್ತಾರೆ. ಮುಖ ನೋಡಿ, ಮನೆತನ ವಿಚಾರಿಸಿ ವ್ಯವಹಾರ ಮಾಡುವ ದಾರಿ ಇಲ್ಲಿಲ್ಲ. ಎದುರಿನವನು ಯಾರೆಂದು ತಿಳಿಯದಂತೆಯೇ ಈ ಪೇಟೆ ಕಟ್ಟಲಾಗಿದೆ.

ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆ ನೋಡಿದವರಿಗೆ ಇದಕ್ಕೆ ಕಂಡುಕೊಂಡ ಪರಿಹಾರ ಹೊಸದೆನಿಸುವುದಿಲ್ಲ. ಚೀಲ ತಂದ ರೈತ ದೂರದೂರಿನ ಖರೀದಿದಾರನ ಹಿಂದೆ ದುಡ್ಡಿಗಾಗಿ ಅಲೆಯುವುದಿಲ್ಲ; ದಲಾಲಿ ಅಂಗಡಿಯವನ ಹತ್ತಿರ ಪಟ್ಟಿ ಬರೆಸಿ ಅವನಿಂದಲೇ ಹಣ ತೆಗೆದುಕೊಳ್ಳುತ್ತಾನೆ. ಖರೀದಿದಾರ ತಡ ಮಾಡಿದರೆ ಅದು ದಲಾಲಿಯ ತಲೆನೋವು. ಷೇರುಪೇಟೆಯಲ್ಲಿ ಆ ಜಾಗದಲ್ಲಿ ನಿಲ್ಲುವುದು ಕ್ಲಿಯರಿಂಗ್ ಕಾರ್ಪೊರೇಷನ್. ವಹಿವಾಟು ಹೊಂದಿಕೆಯಾದ ಮೇಲೆ ಅದು ಕಾನೂನಿನ ದೃಷ್ಟಿಯಲ್ಲಿ ಇಬ್ಬರ ನಡುವೆ ಬಂದು ನಿಲ್ಲುತ್ತದೆ. ಒಂದು ಒಪ್ಪಂದ ಎರಡಾಗುತ್ತದೆ: ಮಾರಿದ ಬ್ರೋಕರ್‌ನ ಪಾಲಿಗೆ ಕಾರ್ಪೊರೇಷನ್ನೇ ಕೊಂಡವನು, ಕೊಂಡ ಬ್ರೋಕರ್‌ನ ಪಾಲಿಗೆ ಕಾರ್ಪೊರೇಷನ್ನೇ ಮಾರಿದವನು. ಇದಕ್ಕೆ ನೊವೇಷನ್ ಎಂದು ಹೆಸರು. ಎನ್‌ಎಸ್‌ಇಯ ಕ್ಲಿಯರಿಂಗ್ ಕಾರ್ಪೊರೇಷನ್ 1996ರ ಏಪ್ರಿಲ್‌ನಲ್ಲಿ ಕೆಲಸ ಶುರುಮಾಡಿತು. ಭಾರತದ ಷೇರುಪೇಟೆಯಲ್ಲಿ ಇಂಥ ಖಾತರಿ ಕೊಟ್ಟ ಮೊದಲ ಸಂಸ್ಥೆ ಅದೇ.

ಮಧ್ಯಾಹ್ನ ಮೂರೂವರೆಗೆ ಪೇಟೆ ಮುಚ್ಚುತ್ತದೆ. ಮೇಷ್ಟ್ರ ಮಟ್ಟಿಗೆ ದಿನ ಮುಗಿಯಿತು; ಕಾರ್ಪೊರೇಷನ್ನಿನ ಕೆಲಸ ಶುರುವಾಗುವುದೇ ಆಗ. ಮ್ಯೂಚುವಲ್ ಫಂಡ್‌ಗಳ, ವಿದೇಶಿ ಹೂಡಿಕೆದಾರರ ಪರವಾಗಿ ಷೇರು ಕಾಯುವ ಕಸ್ಟೋಡಿಯನ್ ಬ್ಯಾಂಕುಗಳು ‘ಹೌದು, ಈ ವಹಿವಾಟು ನಮ್ಮದೇ’ ಎಂದು ಸಂಜೆಯೊಳಗೆ ಒಪ್ಪಿಗೆ ಕೊಡುತ್ತವೆ. ರಾತ್ರಿ ಕೂಡಿ ಕಳೆದು ಯಾರು ಎಷ್ಟು ಕೊಡಬೇಕು, ಎಷ್ಟು ಪಡೆಯಬೇಕು ಎಂಬ ಪಟ್ಟಿ ಹೊರಡುತ್ತದೆ. ಮಂಗಳವಾರ ಬೆಳಿಗ್ಗೆ ಕೊಡಬೇಕಾದವರೆಲ್ಲ ಹಣವನ್ನೂ ಷೇರನ್ನೂ ಕಾರ್ಪೊರೇಷನ್ನಿಗೆ ಒಪ್ಪಿಸುತ್ತಾರೆ, ಇದು ಪೇ-ಇನ್. ಎರಡೂ ಬಂದ ಮೇಲೆ, ಅಂದೇ ಮಧ್ಯಾಹ್ನ, ಪಡೆಯಬೇಕಾದವರಿಗೆ ಅವು ಹೊರಡುತ್ತವೆ, ಇದು ಪೇ-ಔಟ್. ಹಣ ಕಟ್ಟದವನಿಗೆ ಷೇರಿಲ್ಲ, ಷೇರು ಕೊಡದವನಿಗೆ ಹಣವಿಲ್ಲ. ಈ ಒಂದು ಕಟ್ಟುಪಾಡಿನಿಂದಾಗಿ ಯಾರಾದರೂ ಕೈಯೆತ್ತಿದಾಗ 15,000 ರೂಪಾಯಿ ಪೂರ್ತಿ ಮುಳುಗುವ ಮಾತೇ ಬರುವುದಿಲ್ಲ. ಮುಳುಗಬಹುದಾದದ್ದು ಬೆಲೆಯ ವ್ಯತ್ಯಾಸ ಮಾತ್ರ.

ಆ ವ್ಯತ್ಯಾಸವನ್ನು ಲೆಕ್ಕ ಹಾಕಿಯೇ ನೋಡೋಣ. ಮೇಷ್ಟ್ರ ಬ್ರೋಕರ್ ಮಂಗಳವಾರ ಬೆಳಿಗ್ಗೆ ಹಣ ಕಟ್ಟಲಿಲ್ಲ ಎನ್ನಿ. ಮಾರಿದವನಿಗೆ ಕೊಟ್ಟ ಮಾತು ಕಾರ್ಪೊರೇಷನ್ನಿನದು, ಹಾಗಾಗಿ ಅದು ತನ್ನ ಕೈಯಿಂದ 15,000 ಕೊಡುತ್ತದೆ. ಬದಲಿಗೆ ಹತ್ತು ಷೇರು ಅದರ ಬಳಿ ಉಳಿಯುತ್ತವೆ. ಅವನ್ನು ಪೇಟೆಯಲ್ಲಿ ಮಾರಲು ಹೋದಾಗ ಬೆಲೆ 1,420ಕ್ಕೆ ಇಳಿದಿದ್ದರೆ ಷೇರಿಗೆ 80 ರೂಪಾಯಿಯಂತೆ 800 ರೂಪಾಯಿ ನಷ್ಟ. ಈ ನಷ್ಟ ತುಂಬಲೆಂದೇ ಕಾರ್ಪೊರೇಷನ್ ವಹಿವಾಟಿಗೆ ಮೊದಲೇ ಬ್ರೋಕರ್‌ನಿಂದ ಮಾರ್ಜಿನ್ ಎಂಬ ಮುಂಗಡ ಹಿಡಿದಿರುತ್ತದೆ. ಆಯಾ ಷೇರಿನ ಬೆಲೆ ಈಚೆಗೆ ಎಷ್ಟು ಏರಿಳಿದಿದೆ ಎಂದು ನೋಡಿ ಅದರ ಪ್ರಮಾಣ ಗೊತ್ತುಮಾಡುತ್ತಾರೆ. ಸದಾ ಕೊಡುಕೊಳ್ಳುವಿಕೆ ನಡೆಯುವ ದೊಡ್ಡ ಕಂಪನಿಗಳ ಷೇರಿಗೆ ಅದು ಶೇ 12.5ರ ಆಸುಪಾಸಿನಿಂದ ಆರಂಭವಾಗುತ್ತದೆ. ನಮ್ಮ ಲೆಕ್ಕದಲ್ಲಿ ಷೇರಿಗೆ 187 ರೂಪಾಯಿ 50 ಪೈಸೆ. ಎಂಬತ್ತರ ನಷ್ಟ ಅದರಲ್ಲೇ ತೀರಿಹೋಗುತ್ತದೆ.

ಒಂದೇ ದಿನದಲ್ಲಿ ಬೆಲೆ ಶೇ 15 ಕುಸಿದರೆ ಷೇರಿಗೆ 225 ರೂಪಾಯಿ ನಷ್ಟ, ಮಾರ್ಜಿನ್ ಸಾಲದು. ಆಗ ತಪ್ಪಿದ ಬ್ರೋಕರ್‌ನ ಇತರ ಠೇವಣಿಗೆ ಕೈ ಹಾಕುತ್ತಾರೆ. ಅದೂ ತೀರಿದರೆ ಕಾರ್ಪೊರೇಷನ್ನಿನ ಸ್ವಂತ ಹಣದ ಒಂದು ಭಾಗ, ಅದರ ಮೇಲೆ ಸೆಟಲ್‌ಮೆಂಟ್ ಗ್ಯಾರಂಟಿ ಫಂಡ್ ಎಂಬ ಕಾಪುನಿಧಿ. ಈ ನಿಧಿಯ ಕನಿಷ್ಠ ಮೊತ್ತದಲ್ಲಿ ಅರ್ಧವನ್ನಾದರೂ ಕಾರ್ಪೊರೇಷನ್ನೇ ಹಾಕಿರಬೇಕು, ಕಾಲುಭಾಗವನ್ನಾದರೂ ಎಕ್ಸ್‌ಚೇಂಜ್ ಹಾಕಿರಬೇಕು ಎಂಬುದು ಸೆಬಿಯ ನಿಯಮ. ತಪ್ಪು ಮಾಡಿದವನ ಜೇಬು ಮೊದಲು, ಕಾವಲುಗಾರನ ಜೇಬು ಆಮೇಲೆ, ಊರಿನವರದ್ದು ಕೊನೆಗೆ ಎಂಬ ಈ ಸರತಿಯನ್ನು ಯೋಚಿಸಿಯೇ ಇಟ್ಟಿದ್ದಾರೆ. ತನ್ನ ದುಡ್ಡೂ ಹೋಗುತ್ತದೆ ಎಂಬ ಹೆದರಿಕೆ ಇದ್ದರೆ ತಾನೆ ಕಾವಲುಗಾರ ಎಚ್ಚರವಾಗಿರುವುದು?

ಕಾಯುವ ದಿನ ಹೆಚ್ಚಿದಷ್ಟೂ ಬೆಲೆ ಅಲುಗಾಡಲು ಹೆಚ್ಚು ಸಮಯ, ಅಷ್ಟೂ ದೊಡ್ಡ ನಷ್ಟದ ಸಾಧ್ಯತೆ. ಇದನ್ನು ನಮ್ಮ ದೇಶ ಪುಸ್ತಕ ಓದಿ ಕಲಿಯಲಿಲ್ಲ, ಪೆಟ್ಟು ತಿಂದು ಕಲಿಯಿತು.

1990ರ ದಶಕದ ಮುಂಬೈ ಷೇರುಪೇಟೆಯಲ್ಲಿ ದೊಡ್ಡ ಕಂಪನಿಗಳ ಷೇರುಗಳ ಲೆಕ್ಕ ಹದಿನಾಲ್ಕು ದಿನಕ್ಕೊಮ್ಮೆ ಚುಕ್ತಾ ಆಗುತ್ತಿತ್ತು. ಆ ಹದಿನಾಲ್ಕು ದಿನವೂ ಕೊಂಡು, ಮಾರಿ, ಮತ್ತೆ ಕೊಂಡು ಕೊನೆಯಲ್ಲಿ ಉಳಿದದ್ದಕ್ಕಷ್ಟೇ ಹಣ ಕಟ್ಟುವುದು. ಆಮೇಲೆ ಷೇರುಪತ್ರವೆಂಬ ಕಾಗದ, ಅದಕ್ಕೆ ಪಿನ್ನು ಹಾಕಿದ ವರ್ಗಾವಣೆ ಪತ್ರ ಕೈಯಿಂದ ಕೈಗೆ ಹೋಗಬೇಕು. ಸಹಿ ಹೊಂದುವುದಿಲ್ಲ ಎಂದು ಕಂಪನಿ ವಾಪಸು ಕಳಿಸಿದರೆ ‘ಬ್ಯಾಡ್ ಡೆಲಿವರಿ’ ಎಂಬ ಹಣೆಪಟ್ಟಿಯೊಂದಿಗೆ ಅದು ಬಂದ ದಾರಿಯಲ್ಲೇ ಹಿಂದಕ್ಕೆ. ತಿಂಗಳುಗಟ್ಟಲೆ ಕಾದವರು ಎಷ್ಟೋ ಮಂದಿ. 1996ರ ನವೆಂಬರ್‌ನಲ್ಲಿ ಎನ್‌ಎಸ್‌ಡಿಎಲ್ ಶುರುವಾಗಿ ಷೇರು ಡಿಮ್ಯಾಟ್ ರೂಪಕ್ಕೆ ಬಂದ ಮೇಲೆ ಕಾಗದದ ಕಾಟ ತಪ್ಪಿತು. ಹದಿನಾಲ್ಕು ದಿನ ಹೋಗಿ ಒಂದು ವಾರ ಆಯಿತು. ಆದರೆ ವಾರವೇ ಸಾಕಷ್ಟು ಉದ್ದವಾಗಿತ್ತು. ಎನ್‌ಎಸ್‌ಇಯ ವಾರ ಮಂಗಳವಾರ ಮುಗಿದರೆ ಬಿಎಸ್‌ಇಯದು ಶುಕ್ರವಾರ. ಒಂದು ಕಡೆ ಹಣ ಕಟ್ಟುವ ದಿನ ಹತ್ತಿರವಾದಾಗ ಅಲ್ಲಿ ಮಾರಿ ಇನ್ನೊಂದು ಕಡೆ ಕೊಂಡುಬಿಟ್ಟರೆ ಗಡುವು ಮುಂದಕ್ಕೆ ಹೋಗುತ್ತಿತ್ತು. ಅದೂ ಸಾಲದಿದ್ದರೆ ‘ಬದ್ಲಾ’ ಇತ್ತು: ಬಡ್ಡಿ ಕೊಟ್ಟು ಖರೀದಿಯನ್ನು ಮುಂದಿನ ಅವಧಿಗೆ ತಳ್ಳುವುದು. ಪೂರ್ತಿ ಹಣ ಕಟ್ಟದೆಯೇ ತಿಂಗಳುಗಟ್ಟಲೆ ಷೇರಿನ ಮೇಲೆ ಪಣ ಕಟ್ಟಲು ಇದಕ್ಕಿಂತ ಸಲೀಸಾದ ದಾರಿ ಇನ್ನೊಂದಿರಲಿಲ್ಲ.

2001ರ ಮಾರ್ಚ್‌ನಲ್ಲಿ ಇದೆಲ್ಲ ಕಲ್ಕತ್ತಾದಲ್ಲಿ ಸಿಡಿಯಿತು. ಮುಂಬೈಯ ಬ್ರೋಕರ್ ಕೇತನ್ ಪಾರೇಖ್ ಮೆಚ್ಚಿದ ಹತ್ತು ಷೇರುಗಳನ್ನು ಪೇಟೆ ‘ಕೆ-10’ ಎಂದೇ ಕರೆಯುತ್ತಿತ್ತು. ಅವನ ಪರವಾಗಿ ಕಲ್ಕತ್ತಾದ ಕೆಲವು ಬ್ರೋಕರ್‌ಗಳು ತಮ್ಮ ಶಕ್ತಿಗೆ ಮೀರಿದ ಖರೀದಿ ಹೊತ್ತುಕೊಂಡಿದ್ದರು. ಎಕ್ಸ್‌ಚೇಂಜಿನ ಪುಸ್ತಕದಲ್ಲಿ ಕಾಣದ ಖಾಸಗಿ ಬದ್ಲಾವೂ ಅಲ್ಲಿ ಜೋರಾಗಿತ್ತು, ಮಾರ್ಜಿನ್ ವಸೂಲಿಯಂತೂ ಸಡಿಲ. ಮಾರ್ಚ್ ಆರಂಭದಲ್ಲಿ ಬೆಲೆ ಕುಸಿಯಿತು. ಮೇಲಿಂದ ಮೇಲೆ ಬಂದ ವಾರದ ಚುಕ್ತಾ ದಿನಗಳಲ್ಲಿ ಆ ಬ್ರೋಕರ್‌ಗಳು ಹಣ ಕಟ್ಟಲಿಲ್ಲ. ಕೊರತೆ ನೂರು ಕೋಟಿ ರೂಪಾಯಿಯನ್ನು ಮೀರಿತು. ಎಕ್ಸ್‌ಚೇಂಜ್ ತನ್ನ ಗ್ಯಾರಂಟಿ ನಿಧಿಗೆ ಕೈ ಹಾಕಬೇಕಾಯಿತು. ಒಂದು ಕಾಲಕ್ಕೆ ದೇಶದ ದೊಡ್ಡ ಷೇರುಪೇಟೆಗಳಲ್ಲಿ ಒಂದಾಗಿದ್ದ ಕಲ್ಕತ್ತಾ ಆಮೇಲೆ ಚೇತರಿಸಿಕೊಳ್ಳಲೇ ಇಲ್ಲ. ಬೆಲೆ ಬೀಳುವುದು ಷೇರುಪೇಟೆಯಲ್ಲಿ ಹೊಸದೇನಲ್ಲ. ಅಲ್ಲಿ ಆದದ್ದು ಬೇರೆ: ವಾರಗಟ್ಟಲೆ ತೀರದೆ ಬೆಳೆದ ಬಾಕಿ, ಅದಕ್ಕೆ ತಕ್ಕ ಮುಂಗಡ ಹಿಡಿಯದ ಕಾವಲುಗಾರ, ಇವೆರಡೂ ಒಂದೇ ಊರಿನಲ್ಲಿ ಸೇರಿದ್ದವು.

ಅದೇ ವರ್ಷ ಜುಲೈನಿಂದ ಬದ್ಲಾ ನಿಂತಿತು. ವಾರದ ಲೆಕ್ಕ ಹೋಗಿ, ಪ್ರತಿ ದಿನದ ವಹಿವಾಟೂ ಅದರದರ ಗಡುವಿಗೆ ತಾನೇ ಚುಕ್ತಾ ಆಗುವ ಪದ್ಧತಿ ಬಂತು. ಮೊದಲು ಟಿ+5, 2002ರ ಏಪ್ರಿಲ್‌ನಲ್ಲಿ ಟಿ+3, 2003ರ ಏಪ್ರಿಲ್‌ನಲ್ಲಿ ಟಿ+2. ಅಲ್ಲಿಂದ ಮುಂದೆ ಸುಮಾರು ಎರಡು ದಶಕ ಯಾರೂ ಅದನ್ನು ಮುಟ್ಟಲಿಲ್ಲ. 2022ರ ಫೆಬ್ರುವರಿಯಲ್ಲಿ ಸಣ್ಣ ಕಂಪನಿಗಳಿಂದ ಶುರುವಾದ ಟಿ+1, 2023ರ ಜನವರಿ 27ರಿಂದ ಎಲ್ಲ ಷೇರುಗಳಿಗೂ ಅನ್ವಯವಾಯಿತು. ಅಮೆರಿಕ ಅಲ್ಲಿಗೆ ಬಂದದ್ದು 2024ರ ಮೇ 28ರಂದು, ನಮಗಿಂತ ಒಂದು ವರ್ಷಕ್ಕೂ ಹೆಚ್ಚು ತಡವಾಗಿ.

ಅಮೆರಿಕದವರನ್ನು ಆ ಕಡೆ ತಳ್ಳಿದ ಘಟನೆ ಸ್ವಾರಸ್ಯದ್ದು. 2021ರ ಜನವರಿಯಲ್ಲಿ ಗೇಮ್‌ಸ್ಟಾಪ್ ಎಂಬ ವಿಡಿಯೊ ಆಟಗಳ ಅಂಗಡಿ ಕಂಪನಿಯ ಷೇರಿಗೆ ಸಣ್ಣ ಹೂಡಿಕೆದಾರರು ಮುಗಿಬಿದ್ದರು. ಹೆಚ್ಚಿನವರು ಕೊಂಡದ್ದು ರಾಬಿನ್‌ಹುಡ್ ಎಂಬ ಬ್ರೋಕರ್ ಮೂಲಕ. ಜನವರಿ 28ರ ನಸುಕಿನಲ್ಲಿ ಅಲ್ಲಿನ ಕ್ಲಿಯರಿಂಗ್ ಸಂಸ್ಥೆ ರಾಬಿನ್‌ಹುಡ್‌ನಿಂದ ಸುಮಾರು 300 ಕೋಟಿ ಡಾಲರ್ ಠೇವಣಿ ಕೇಳಿತು. ಆಗ ಅಲ್ಲಿ ಟಿ+2. ಎರಡು ದಿನದಲ್ಲಿ ಬೆಲೆ ಎಲ್ಲಿಗೆ ಬೇಕಾದರೂ ಹೋಗಬಹುದಾಗಿತ್ತು, ರಾಬಿನ್‌ಹುಡ್‌ನ ಗ್ರಾಹಕರೋ ಬರೀ ಕೊಳ್ಳುತ್ತಿದ್ದರು, ಆದ್ದರಿಂದ ಕೂಡಿ ಕಳೆಯಲು ಏನೂ ಉಳಿದಿರಲಿಲ್ಲ. ಗ್ರಾಹಕರು ಕಟ್ಟಿದ ಹಣವನ್ನು ಈ ಠೇವಣಿಗೆ ಬಳಸುವಂತೆಯೂ ಇಲ್ಲ. ಅಲ್ಲಿ ಬ್ರೋಕರ್ ತನ್ನ ಸ್ವಂತ ಹಣವನ್ನೇ ಇಡಬೇಕು. ಮಾತುಕತೆಯ ನಂತರ ಬೇಡಿಕೆ ಇಳಿಯಿತು, ರಾಬಿನ್‌ಹುಡ್ 70 ಕೋಟಿ ಡಾಲರ್‌ಗೂ ಹೆಚ್ಚು ಕಟ್ಟಿ ದಿನ ದಾಟಿತು. ಜೊತೆಗೆ ಗೇಮ್‌ಸ್ಟಾಪ್ ಕೊಳ್ಳುವ ಗುಂಡಿಯನ್ನೇ ತೆಗೆದುಬಿಟ್ಟಿತು. ಮಾರಲು ಮಾತ್ರ ಅವಕಾಶವಿತ್ತು.

ದೊಡ್ಡ ಕುಳಗಳನ್ನು ಉಳಿಸಲು ಸಣ್ಣವರ ಕೈ ಕಟ್ಟಿದರು ಎಂದು ಜನ ರೇಗಿದರು. ಸಿಟ್ಟು ಬರುವಂಥದ್ದೇ. ಆದರೆ ಕೊಳ್ಳುವುದನ್ನು ನಿಲ್ಲಿಸಿ ಮಾರುವುದನ್ನು ಬಿಟ್ಟ ರೀತಿಯಲ್ಲೇ ಕಾರಣವೂ ಕಾಣುತ್ತದೆ. ಪ್ರತಿ ಹೊಸ ಖರೀದಿ ರಾಬಿನ್‌ಹುಡ್ ಕೊಡಬೇಕಾದ ಬಾಕಿಯನ್ನು ಹೆಚ್ಚಿಸುತ್ತಿತ್ತು, ಪ್ರತಿ ಮಾರಾಟ ಅದನ್ನು ಇಳಿಸುತ್ತಿತ್ತು. ಒಂದು ದಿನ ಕಡಿಮೆ ಕಾಯುವಂತಿದ್ದರೆ ತೀರದ ಬಾಕಿ ಹೆಚ್ಚುಕಡಿಮೆ ಅರ್ಧವಾಗಿರುತ್ತಿತ್ತು. ನಮ್ಮಲ್ಲಿ ಈ ಇಕ್ಕಟ್ಟು ಇದೇ ರೂಪದಲ್ಲಿ ಬರುವುದು ಕಷ್ಟ. ಇಲ್ಲಿ ಬ್ರೋಕರ್ ಗ್ರಾಹಕನಿಂದಲೇ ಕನಿಷ್ಠ ಶೇ 20 ಮುಂಗಡ ಹಿಡಿದು ಆಮೇಲೆ ಆರ್ಡರ್ ಒಪ್ಪಬೇಕು. ಮೇಷ್ಟ್ರ 15,000ಕ್ಕೆ ಸೋಮವಾರ ಬೆಳಿಗ್ಗೆಯೇ ಬೀಗ ಬಿದ್ದದ್ದು ಏಕೆಂದು ಈಗ ಹೊಳೆಯಬಹುದು.

ಹಾಗಾದರೆ ಒಂದು ದಿನವಾದರೂ ಏಕೆ, ಸೊನ್ನೆಗೇ ಇಳಿಸಬಾರದೇ? 2024ರ ಮಾರ್ಚ್ 28ರಂದು ಸೆಬಿ ಅದನ್ನೂ ಪ್ರಯೋಗಕ್ಕೆ ಬಿಟ್ಟಿತು. 25 ಷೇರುಗಳಲ್ಲಿ ‘ಟಿ+0’. ಮಧ್ಯಾಹ್ನ ಒಂದೂವರೆಯೊಳಗೆ ಆದ ವಹಿವಾಟು ಅಂದೇ ಸಂಜೆ ಚುಕ್ತಾ. ಬೇಕಾದವರಿಗೆ ಮಾತ್ರ, ಟಿ+1ರ ಪಕ್ಕದಲ್ಲಿ ಬೇರೆಯದೇ ಸಾಲಾಗಿ. ಅದರ ಬೆಲೆ ಟಿ+1ರ ಬೆಲೆಯಿಂದ ಶೇ 1ಕ್ಕಿಂತ ಆಚೆ ಹೋಗದಂತೆ ಬೇಲಿಯನ್ನೂ ಹಾಕಿದರು. 2025ರಲ್ಲಿ ಅದನ್ನು ದೊಡ್ಡ 500 ಕಂಪನಿಗಳವರೆಗೆ ಹಿಗ್ಗಿಸುವ ಕ್ರಮವೂ ಆಯಿತು. ಜನ ಮಾತ್ರ ಆ ಕಡೆ ಹೆಚ್ಚು ಸುಳಿಯಲಿಲ್ಲ. ನನಗೆ ಇದರಲ್ಲಿ ಆಶ್ಚರ್ಯ ಕಾಣುವುದಿಲ್ಲ. ಎಲ್ಲರೂ ಟಿ+1ರಲ್ಲಿ ಇರುವಾಗ ಅಲ್ಲಿಯೇ ಒಳ್ಳೆಯ ಬೆಲೆ ಸಿಗುತ್ತದೆ. ಒಂದು ದಿನ ಮೊದಲು ಕೈಸೇರುವ ಷೇರಿಗಾಗಿ ಬೆಲೆಯಲ್ಲಿ ಬಿಟ್ಟುಕೊಡಲು ಯಾರಿಗೆ ಮನಸ್ಸು ಬರುತ್ತದೆ? ವಿದೇಶಿ ಹೂಡಿಕೆದಾರರಿಗೆ ಇನ್ನೊಂದು ತೊಡಕು. ನಮ್ಮ ಪೇಟೆ ನಡೆಯುವಾಗ ನ್ಯೂಯಾರ್ಕಿನಲ್ಲಿ ರಾತ್ರಿ. ಡಾಲರನ್ನು ರೂಪಾಯಿ ಮಾಡಿಕೊಂಡು ಅಂದೇ ಕಟ್ಟಬೇಕೆಂದರೆ ಹಿಂದಿನ ದಿನವೇ ರೂಪಾಯಿ ತಂದಿಟ್ಟುಕೊಳ್ಳಬೇಕು. ಕೊಳ್ಳದೆ ಉಳಿದರೆ ಆ ಹಣ ಸುಮ್ಮನೆ ಕೂರುತ್ತದೆ. ಟಿ+1 ಬಂದಾಗಲೇ ಅವರು ಇದನ್ನೇ ಹೇಳಿ ಗೊಣಗಿದ್ದರು. ಟಿ+0ಯಲ್ಲಾದರೂ ದಿನದ ವಹಿವಾಟನ್ನು ಸಂಜೆ ಕೂಡಿ ಕಳೆಯಲು ಸ್ವಲ್ಪ ಜಾಗವಿದೆ. ಆ ಕ್ಷಣದಲ್ಲೇ ಚುಕ್ತಾ ಎಂದರೆ ನೆಟಿಂಗ್ ಪೂರ್ತಿ ಸತ್ತಂತೆ.

ಆದ್ದರಿಂದ ಸದ್ಯಕ್ಕೆ ಆ ಒಂದು ದಿನ ಉಳಿಯುತ್ತದೆ. ಅದರೊಳಗೆ ಮೇಷ್ಟ್ರಿಗೆ ಏನು ಎಡವಟ್ಟಾಗಬಹುದು?

ಸಾಮಾನ್ಯವಾದದ್ದು, ಷೇರು ಬಾರದಿರುವುದು. ಖಾತೆಯಲ್ಲಿ ಷೇರು ಇಟ್ಟುಕೊಂಡು ಮಾರುವವನ ಷೇರಿಗೆ ಈಗ ಮಾರುವಾಗಲೇ ಡಿಮ್ಯಾಟ್‌ನಲ್ಲಿ ಬೀಗ ಬೀಳುತ್ತದೆ, ಅವನು ತಪ್ಪುವ ಪ್ರಶ್ನೆ ಇಲ್ಲ. ತಪ್ಪುವವನು ತನ್ನ ಬಳಿ ಇಲ್ಲದ ಷೇರನ್ನು ಬೆಳಿಗ್ಗೆ ಮಾರಿ, ಸಂಜೆಯೊಳಗೆ ಅಗ್ಗಕ್ಕೆ ಕೊಂಡು ಸರಿದೂಗಿಸುತ್ತೇನೆ ಎಂದುಕೊಂಡವನು. ಬೆಲೆ ಏರಿ ಆ ದಿನದ ಮೇಲ್ಮಿತಿಗೆ, ಅಪ್ಪರ್ ಸರ್ಕ್ಯೂಟ್‌ಗೆ, ಅಂಟಿಕೊಂಡರೆ ಮಾರುವವರೇ ಸಿಗುವುದಿಲ್ಲ. ಅವನು ಷೇರು ತರುವುದಾದರೂ ಎಲ್ಲಿಂದ? ಇನ್ಫೊಸಿಸ್‌ನಂಥ ಷೇರಿನಲ್ಲಿ ಇದು ಅಪರೂಪ, ಕೊಡುಕೊಳ್ಳುವವರು ಕಡಿಮೆ ಇರುವ ಸಣ್ಣ ಕಂಪನಿಗಳಲ್ಲಿ ಆಗಾಗ ಆಗುತ್ತದೆ. ಅಂಥ ಒಂದು ಕಂಪನಿಯ ಹತ್ತು ಷೇರನ್ನೂ ಮೇಷ್ಟ್ರು ಸೋಮವಾರವೇ 300 ರೂಪಾಯಿಯಂತೆ ಕೊಂಡಿದ್ದರು ಎನ್ನೋಣ. ಮಂಗಳವಾರ ಷೇರು ಬರದಿದ್ದರೆ ಕಾರ್ಪೊರೇಷನ್ ಅಂದೇ ಹರಾಜು ಕರೆದು ಬೇರೆಯವರಿಂದ ಕೊಳ್ಳುತ್ತದೆ, ಖರ್ಚನ್ನು ತಪ್ಪಿದವನ ತಲೆಗೆ ಕಟ್ಟುತ್ತದೆ, ಮೇಷ್ಟ್ರಿಗೆ ಬುಧವಾರ ಷೇರು ಮುಟ್ಟಿಸುತ್ತದೆ. ಹರಾಜಿನಲ್ಲೂ ಸಿಗದಿದ್ದರೆ ಹಣ ಕೊಟ್ಟು ಮುಗಿಸುತ್ತಾರೆ. ವಹಿವಾಟಿನ ದಿನದಿಂದ ಹರಾಜಿನ ದಿನದವರೆಗಿನ ಅತಿ ಹೆಚ್ಚಿನ ಬೆಲೆ, ಇಲ್ಲವೇ ಹರಾಜಿನ ದಿನದ ಮುಕ್ತಾಯದ ಬೆಲೆಗಿಂತ ಶೇ 20 ಹೆಚ್ಚು. ಎರಡರಲ್ಲಿ ಯಾವುದು ದೊಡ್ಡದೋ ಅದು. ಹಾಗಾಗಿ ಸುಮ್ಮನೆ ಕಾದವನಿಗೆ ನಷ್ಟವಿಲ್ಲ.

ಕಾಯದವನಿಗೆ ಉಂಟು. ಮಂಗಳವಾರ ಬೆಳಿಗ್ಗೆ ಬೆಲೆ 315ಕ್ಕೆ ಏರಿತೆಂದು, ಇನ್ನೂ ಕೈಗೆ ಬಾರದ ಷೇರನ್ನು ಮೇಷ್ಟ್ರು ಮಾರಿಬಿಟ್ಟರು ಎನ್ನಿ. ಇಂದು ಕೊಂಡು ನಾಳೆ ಮಾರುವ ಈ ಆಟಕ್ಕೆ ಬಿಟಿಎಸ್‌ಟಿ ಎಂಬ ಹೆಸರೇ ಇದೆ, ಬ್ರೋಕರ್‌ಗಳೂ ಅವಕಾಶ ಕೊಡುತ್ತಾರೆ. ಮಂಗಳವಾರ ಮಾರಿದ್ದನ್ನು ಅವರು ಬುಧವಾರ ಬೆಳಿಗ್ಗೆ ಒಪ್ಪಿಸಬೇಕು. ಅವರಿಗೆ ಬರಬೇಕಾದದ್ದು ಹರಾಜಿನ ದಾರಿ ಹಿಡಿದು ಬುಧವಾರ ತಡವಾಗಿ ಬರುತ್ತದೆ. ಈಗ ಅವರೇ ಮಾತಿಗೆ ತಪ್ಪಿದವರು. ಅವರ ಹೆಸರಿನಲ್ಲಿ ಇನ್ನೊಂದು ಹರಾಜು. ಅದು 350 ರೂಪಾಯಿಗೆ ಮುಗಿದರೆ ಷೇರಿಗೆ 35ರಂತೆ 350 ರೂಪಾಯಿ ದಂಡ, ಮೇಲೆ ಶುಲ್ಕ. ತಡವಾಗಿ ಬಂದ ಹತ್ತು ಷೇರು ಅವರ ಖಾತೆಯಲ್ಲೇ ಇರುತ್ತವೆ, ಆದರೆ ಬೆಲೆ ಅಷ್ಟರಲ್ಲಿ ಇಳಿದಿದ್ದರೆ ಅದೇನು ಸಮಾಧಾನ? ಸಣ್ಣ ಕಂಪನಿಯ ಷೇರಿನ ಪಕ್ಕ `T1` ಗುರುತು ಇರುವವರೆಗೆ ಮಾರದಿರುವುದು ಕ್ಷೇಮ.

ಎರಡನೆಯ ಎಡವಟ್ಟು ಅಪರೂಪದ್ದು, ಆದರೆ ಆಳವಾದದ್ದು. ಕ್ಲಿಯರಿಂಗ್ ಕಾರ್ಪೊರೇಷನ್ನಿನ ಖಾತರಿ ಇರುವುದು ಬ್ರೋಕರ್‌ಗಳ ನಡುವೆ. ನಿಮಗೂ ನಿಮ್ಮ ಬ್ರೋಕರ್‌ಗೂ ನಡುವೆ ಅದು ನಿಂತಿಲ್ಲ. 2019ರ ನವೆಂಬರ್‌ನಲ್ಲಿ ಹೈದರಾಬಾದಿನ ಕಾರ್ವಿ ಸ್ಟಾಕ್ ಬ್ರೋಕಿಂಗ್ ಮೇಲೆ ಸೆಬಿ ಹೊರಡಿಸಿದ ಆದೇಶ ಈ ಬಿರುಕನ್ನು ತೋರಿಸಿತು. ಗ್ರಾಹಕರು ಕೊಟ್ಟಿದ್ದ ಪವರ್ ಆಫ್ ಅಟಾರ್ನಿಯನ್ನು ಬಳಸಿ ಕಾರ್ವಿ ಅವರ ಷೇರುಗಳನ್ನು ತನ್ನ ಒಂದು ಡಿಮ್ಯಾಟ್ ಖಾತೆಗೆ ಎಳೆದುಕೊಂಡು, ಬ್ಯಾಂಕುಗಳಲ್ಲಿ ಅಡ ಇಟ್ಟು ಸಾಲ ಎತ್ತಿತ್ತು. ಆ ಖಾತೆಯ ವಿವರವನ್ನು ಎಕ್ಸ್‌ಚೇಂಜಿಗೆ ತಿಳಿಸಿರಲಿಲ್ಲ. ಷೇರುಪೇಟೆಯ ಚುಕ್ತಾ ಪ್ರತಿ ದಿನ ಸರಿಯಾಗಿಯೇ ನಡೆದಿತ್ತು, ಕಾರ್ಪೊರೇಷನ್ನಿನ ಲೆಕ್ಕದಲ್ಲಿ ಯಾರೂ ತಪ್ಪಿರಲಿಲ್ಲ. ಕಳುವಾಗಿದ್ದು ಷೇರು ಮನೆ ಸೇರಿದ ಮೇಲೆ. ಮುಂದಿನ ತಿಂಗಳು ಎಂಬತ್ತು ಸಾವಿರಕ್ಕೂ ಹೆಚ್ಚು ಗ್ರಾಹಕರ ಖಾತೆಗೆ ಷೇರು ಹಿಂದಿರುಗಿತು, ಅಡ ಇಟ್ಟುಕೊಂಡಿದ್ದ ಬ್ಯಾಂಕುಗಳು ಕೋರ್ಟು ಕಚೇರಿ ಹತ್ತಿದವು.

ಅದಾದ ಮೇಲೆ ನಿಯಮಗಳು ಒಂದೊಂದಾಗಿ ಬಿಗಿಯಾದವು. ಷೇರು ಮಾರುವಾಗ ಗ್ರಾಹಕ ಟಿಪಿನ್ ಮತ್ತು ಒಟಿಪಿ ಹಾಕಿ ಆಯಾ ಮಾರಾಟಕ್ಕಷ್ಟೇ ಒಪ್ಪಿಗೆ ಕೊಡುವ ಪದ್ಧತಿ ಬಂತು. ಮೊದಲೆಲ್ಲ ಪೇ-ಔಟ್ ಷೇರು ಬ್ರೋಕರ್‌ನ ಒಟ್ಟು ಖಾತೆಗೆ ಬಂದು ಅಲ್ಲಿಂದ ಗ್ರಾಹಕನಿಗೆ ಹೋಗುತ್ತಿತ್ತು. 2025ರಿಂದ ಕಾರ್ಪೊರೇಷನ್ ಅದನ್ನು ನೇರವಾಗಿ ಗ್ರಾಹಕನ ಡಿಮ್ಯಾಟ್‌ಗೇ ಕಳಿಸುತ್ತದೆ. ಮಂಗಳವಾರ ಸಿಡಿಎಸ್‌ಎಲ್ ಅಥವಾ ಎನ್‌ಎಸ್‌ಡಿಎಲ್‌ನಿಂದ ಮೇಷ್ಟ್ರ ಮೊಬೈಲಿಗೆ ಬರುವ ಎಸ್‌ಎಂಎಸ್ ಅದರ ಸಾಕ್ಷಿ. ಅದು ಬ್ರೋಕರ್ ಕಳಿಸುವ ಸಂದೇಶವಲ್ಲ, ಷೇರನ್ನು ನಿಜವಾಗಿ ಇಟ್ಟುಕೊಂಡಿರುವ ಡಿಪಾಸಿಟರಿಯದು. ಬ್ರೋಕರ್‌ನ ಆ್ಯಪ್ ಏನು ತೋರಿಸುತ್ತದೆ ಎಂಬುದಕ್ಕಿಂತ, ಆ ಎಸ್‌ಎಂಎಸ್ ಮತ್ತು ಡಿಪಾಸಿಟರಿ ಕಳಿಸುವ ಒಟ್ಟು ಖಾತೆ ಪಟ್ಟಿ ಏನು ಹೇಳುತ್ತವೆ ಎಂದು ನೋಡಬೇಕು. ಎರಡೂ ಹೊಂದದಿದ್ದರೆ ಕೇಳಲು ತಡಮಾಡಬಾರದು.

ಷೇರಿನ ದಾರಿ ಹೀಗೆ ನೇರವಾಯಿತು, ಹಣದ್ದು ಇನ್ನೂ ಬ್ರೋಕರ್‌ನ ಮನೆ ಹಾದೇ ಹೋಗುತ್ತದೆ. ಮೇಷ್ಟ್ರು ಷೇರು ಮಾರಿ ಬಂದ ದುಡ್ಡನ್ನು ಮುಂದಿನ ಖರೀದಿಗಿರಲಿ ಎಂದು ಬ್ರೋಕರ್ ಬಳಿಯೇ ಬಿಟ್ಟಿದ್ದರೆ, ಅವರು ಆಯ್ದಂತೆ ತಿಂಗಳಿಗೊಮ್ಮೆ ಇಲ್ಲವೇ ಮೂರು ತಿಂಗಳಿಗೊಮ್ಮೆ ಅದನ್ನು ಅವರ ಬ್ಯಾಂಕ್ ಖಾತೆಗೆ ಹಿಂದಿರುಗಿಸಲೇಬೇಕು ಎಂಬ ನಿಯಮವಿದೆ. ಕೇಳದೆಯೇ ಬ್ಯಾಂಕಿಗೆ ದುಡ್ಡು ಬಂತೆಂದು ಕೆಲವರು ಗಾಬರಿಯಾಗಿ ಬ್ರೋಕರ್‌ಗೆ ಫೋನು ಮಾಡುತ್ತಾರೆ. ಆ ಹಣ ಬಂದಿದ್ದರೆ ಫೋನು ಮಾಡುವ ಅಗತ್ಯವಿಲ್ಲ. ಗಡುವು ದಾಟಿಯೂ ಬಾರದಿದ್ದಾಗ ಮಾಡಬೇಕು.